ಶತಮಾನದ ಲೆಕ್ಕ ತಪ್ಪಿದ ಬಗ್ಗೆ

ಚಿ. ಸುಮಾಳಿಗೆ ಅಜ್ಜನ ಆಶೀರ್ವಾದಗಳು.

ನೀನು ಕಳಿಸಿದ ಮಾದರಿ ಪ್ರಶ್ನೆಪತ್ರಿಕೆಯ ಉತ್ತರಗಳನ್ನು ಓದಿದೆ. ಹದಿನೆಂಟನೆಯ ಶತಮಾನದ ಘಟನೆಯನ್ನು ಗುರುತಿಸೆಂದು ಕೇಳಿದ್ದಲ್ಲಿ ನೀನು ಶ್ರೀರಂಗಪಟ್ಟಣದ ಪತನವನ್ನು ಬಿಟ್ಟು ಕಿತ್ತೂರಿನ ಯುದ್ಧಕ್ಕೆ ಗುರುತು ಹಾಕಿದ್ದೀಯೆ. ಮೊದಲನೆಯದು 1799ರದು, ಎರಡನೆಯದು 1824ರದು ಎಂಬುದು ನಿನಗೆ ಗೊತ್ತಿತ್ತು. ಅಂಚಿನಲ್ಲಿ ಪೆನ್ಸಿಲ್ಲಿನಿಂದ ಬರೆದುಕೊಂಡೂ ಇದ್ದೀಯೆ. ಆದ್ದರಿಂದ ಎಡವಿದ್ದು ಇತಿಹಾಸದಲ್ಲಲ್ಲ, ಎಣಿಕೆಯಲ್ಲಿ. ‘ಹದಿನೆಂಟುನೂರ ಇಪ್ಪತ್ತನಾಲ್ಕು’ ಎಂದು ಓದಿದಾಗ ಕಿವಿಗೆ ಮೊದಲು ಬೀಳುವುದು ಹದಿನೆಂಟು. ಕೈ ಅದನ್ನೇ ಹುಡುಕಿ ಹೋಯಿತು.

ನಿನ್ನ ವಯಸ್ಸು ಕೇಳಿದವರಿಗೆ ನಿನ್ನ ಅಜ್ಜಿ ‘ಹದಿನೆಂಟು ತುಂಬಿ ಹತ್ತೊಂಬತ್ತು ನಡೆಯುತ್ತಿದೆ’ ಎಂದು ಹೇಳುತ್ತಾಳಲ್ಲವೆ? ಶತಮಾನದ ಮಾತೂ ಅದೇ. ಕ್ರಿಸ್ತಶಕದ ಗಣನೆ ಸೊನ್ನೆಯಿಂದಲ್ಲ, 1ರಿಂದ ಆರಂಭವಾಗುವುದರಿಂದ ಮೊದಲ ನೂರು ತುಂಬುವುದು 100ನೆಯ ವರ್ಷದ ಕೊನೆಗೆ, ಹದಿನೆಂಟನೆಯ ನೂರು ತುಂಬುವುದು 1800ರ ಕೊನೆಗೆ. 1824ರ ಹೊತ್ತಿಗೆ ಹದಿನೆಂಟು ನೂರುಗಳು ತುಂಬಿ ಹತ್ತೊಂಬತ್ತನೆಯದು ನಡೆಯುತ್ತಿತ್ತು.

ಮೊದಲೆರಡು ಅಂಕಿಗಳಿಗೆ ಒಂದು ಕೂಡಿಸಿದರೆ ಸಾಕೆಂದು ಕೆಲವರು ಹೇಳಿಕೊಡುತ್ತಾರೆ. ಅದು ಬಹುಪಾಲು ಸರಿಹೋದರೂ ಸೊನ್ನೆಗಳಲ್ಲಿ ಮುಗಿಯುವ ವರ್ಷದಲ್ಲಿ ಕೈಕೊಡುತ್ತದೆ. ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರೊಡನೆ ಹೋರಾಡುತ್ತಲೇ ಇದ್ದ ಧೋಂಡಿಯ ವಾಘ್ 1800ರಲ್ಲಿ ಮಡಿದನು. ಆ ಸೂತ್ರದಂತೆ ಅದು ಹತ್ತೊಂಬತ್ತನೆಯ ಶತಮಾನವಾಗಿಬಿಡುತ್ತದೆ. ಆದುದರಿಂದ ಮೊದಲು ವರ್ಷದಿಂದ ಒಂದನ್ನು ಕಳೆ, ಕೊನೆಯ ಎರಡು ಅಂಕಿಗಳನ್ನು ಬಿಡು, ಉಳಿದುದಕ್ಕೆ ಒಂದನ್ನು ಕೂಡಿಸು: 1800ಕ್ಕೆ ಹೀಗೆ ಮಾಡಿದರೆ 1799, 17, ಹದಿನೆಂಟು. 1801ಕ್ಕೆ ಇದನ್ನೇ ಮಾಡಿದರೆ ಹತ್ತೊಂಬತ್ತು ಬರುತ್ತದೆ.

‘1800ರ ದಶಕ’ ಎಂಬ ಮಾತು ಕಂಡಾಗಲೂ ನಿಂತು ಓದು. ಒಬ್ಬರು ಅದನ್ನು 1800ರಿಂದ 1809ರವರೆಗಿನ ಹತ್ತು ವರ್ಷಗಳಿಗೆ ಬಳಸಿದರೆ, ಇನ್ನೊಬ್ಬರು ಇಡೀ ನೂರು ವರ್ಷಗಳಿಗೆ ಬಳಸಿರುತ್ತಾರೆ. ಎರಡನೆಯದು ಇಂಗ್ಲಿಷಿನ ಎಡವಟ್ಟು ಅನುವಾದವೆಂದೇ ನನ್ನ ಅಭಿಪ್ರಾಯ.

ಶಾಸನಗಳ ಪ್ರಶ್ನೆಯಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ಒಂದನೆಯ ಪುಲಕೇಶಿಯ ಬಾದಾಮಿ ಬಂಡೆ ಶಾಸನದ ಕಾಲ ಶಕವರ್ಷ 465. ಅದರ ಮೇಲೆಯೇ ಲೆಕ್ಕ ಹಾಕಿದರೆ ಐದನೆಯ ಶತಮಾನ ಬರುತ್ತದೆ, ಆದರೆ ಅದು ಶಕದ ಐದನೆಯ ಶತಮಾನ. ಮೊದಲು 78 ಕೂಡಿಸಿ 543 ಮಾಡಿಕೊಂಡು ಆಮೇಲೆ ಎಣಿಸಿದರೆ ಕ್ರಿ.ಶ. ಆರನೆಯ ಶತಮಾನ ಸಿಗುತ್ತದೆ. ನಿನ್ನ ಪತ್ರಿಕೆಯ ಹನ್ನೊಂದನೆಯ ಉತ್ತರದಲ್ಲಿ ಈ ಎರಡು ಹೆಜ್ಜೆಗಳು ಹಿಂದುಮುಂದಾಗಿವೆ. ತಿದ್ದಿ ಮರಳಿ ಕಳಿಸು.

ಇಂತಿ,
ನಿನ್ನ ಅಜ್ಜ