ಬೀಗದ ಕೈ ಇದ್ದವರೆಲ್ಲ ಮಾಲೀಕರಲ್ಲ

ಮಾನ್ಯ ಸಂಪಾದಕರೇ,

ಬಾಡಿಗೆ ಮನೆ ತೋರಿಸಿ ಮುಂಗಡ ಪಡೆದು ಮಾಯವಾಗುವ ನಕಲಿ ಏಜೆಂಟರ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ವರದಿ ಓದಿದೆ. ‘ಮನೆ ನೋಡದೆ ಹಣ ಕೊಡಬೇಡಿ’ ಎಂಬ ಸಲಹೆ ಸರಿ, ಆದರೆ ಅಷ್ಟೇ ಸಾಲದು.

ನನ್ನ ಸ್ನೇಹಿತರೊಬ್ಬರು ಮನೆ ನೋಡಿಯೇ ಮೋಸಹೋದರು. ಏಜೆಂಟ್ ಎಂದವನು ತಾನೇ ಬೀಗ ತೆಗೆದ. ಅಡುಗೆಮನೆಯ ನಲ್ಲಿ ತಿರುಗಿಸಿ ನೀರು ಬರುವುದನ್ನೂ ತೋರಿಸಿದ. ಅಷ್ಟರಲ್ಲಿ ಅವನಿಗೊಂದು ಫೋನ್. ‘ಇನ್ನೊಬ್ಬರು ಸಂಜೆಯೊಳಗೆ ಮುಂಗಡ ಕೊಡ್ತಾರಂತೆ’ ಎಂದ. ಇವರು ಗಾಬರಿಯಲ್ಲಿ ನಿಂತಲ್ಲೇ ಹಣ ಕಳಿಸಿದರು. ಅವನು ಆ ಮನೆಯನ್ನು ಪ್ರವಾಸಿಯಂತೆ ನಾಲ್ಕು ದಿನಕ್ಕೆ ಪಡೆದು, ಹಲವರಿಗೆ ತೋರಿಸಿದ್ದನೆಂದು ಗೊತ್ತಾಗಿದ್ದು ಆಮೇಲೆ.

ಸುಳಿವು ಕಣ್ಣೆದುರೇ ಇತ್ತು. ಬಾಡಿಗೆ ಅಕ್ಕಪಕ್ಕದ ಮನೆಗಳಿಗಿಂತ ಬಹಳ ಕಡಿಮೆ. ಹಣ ಪಡೆದ ಖಾತೆಯಲ್ಲಿ ಬೇರೆಯೇ ಹೆಸರು. ಕೇಳಿದ್ದಕ್ಕೆ ‘ಅದು ಮಾಲೀಕರ ತಮ್ಮನ ಖಾತೆ’ ಎಂದನಂತೆ. ಅನುಮಾನ ಬರಲು ಇಷ್ಟು ಸಾಕಿತ್ತು, ಅಲ್ವಾ?

ಮನೆಯ ತೆರಿಗೆ ರಸೀದಿ, ಮಾಲೀಕರ ಗುರುತಿನ ಚೀಟಿ, ಹಣ ಹೋಗುವ ಖಾತೆ, ಈ ಮೂರರಲ್ಲೂ ಒಂದೇ ಹೆಸರು ಇರಬೇಕು. ಕಾಗದದ ಫೋಟೊವನ್ನು ತಿದ್ದುವುದು ಸುಲಭ. ಹಾಗಾಗಿ ಪಕ್ಕದ ಮನೆಯವರನ್ನೂ ಒಂದು ಮಾತು ಕೇಳುವುದು ಒಳ್ಳೆಯದು. ಬಾಡಿಗೆ ಜಾಹೀರಾತು ಹಾಕುವ ಜಾಲತಾಣಗಳು ಮತ್ತು ಪತ್ರಿಕೆಗಳು ತೆರಿಗೆ ರಸೀದಿಯ ಹೆಸರನ್ನು ಪರಿಶೀಲಿಸಿದ ಮೇಲಷ್ಟೇ ಅದನ್ನು ಪ್ರಕಟಿಸಲಿ. ನಿಮ್ಮ ವರ್ಗೀಕೃತ ಜಾಹೀರಾತು ಪುಟದಿಂದಲೇ ಇದು ಶುರುವಾಗಲಿ.

– ಓರ್ವ ಓದುಗ