ಗೆದ್ದ ತಂಡದ ನಾಯಕನಿಂದ ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ನಮ್ಮ ಕಾಲೇಜು ತಂಡ ಟೂರ್ನಿಯನ್ನು ಗೆದ್ದ ಸುದ್ದಿ ನಿನಗೆ ಆಗಲೇ ತಲುಪಿದೆ. ಆಡಿದ ಹನ್ನೊಂದು ಮಂದಿಯ ಹೆಸರನ್ನು ಎಲ್ಲರೂ ಹೇಳುತ್ತಿದ್ದಾರೆ. ಆದರೆ ಫೈನಲ್ ನಡೆಯುವಂತೆ ಮಾಡಿದ ಬೆಂಬಲಿಗರ ಕೆಲಸ ಯಾವ ಸ್ಕೋರ್ ಪುಸ್ತಕದಲ್ಲಿಯೂ ದಾಖಲಾಗಿಲ್ಲ. ಅವರಿಗೆ ತಂಡದ ಪರವಾಗಿ ಕೃತಜ್ಞತೆ ಹೇಳಲೆಂದೇ ಈ ಪತ್ರವನ್ನು ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ಫೈನಲ್ ದಿನ ಮಧ್ಯಾಹ್ನದವರೆಗೂ ಮಳೆ ಸುರಿಯಿತು. ಪಂದ್ಯ ರದ್ದಾದರೆ ಲೀಗ್ ಹಂತದಲ್ಲಿ ಮೊದಲ ಸ್ಥಾನ ಪಡೆದ ತಂಡಕ್ಕೇ ಕಪ್ ಎಂಬುದು ಟೂರ್ನಿಯ ನಿಯಮವಾಗಿತ್ತು, ಮತ್ತು ಆ ತಂಡ ನಮ್ಮದಾಗಿರಲಿಲ್ಲ. ಮಳೆ ನಿಂತ ಕೂಡಲೇ ನಮ್ಮ ಹುಡುಗ ಹುಡುಗಿಯರು ಮೈದಾನದ ಸಿಬ್ಬಂದಿಯ ಜೊತೆ ಕೈಜೋಡಿಸಿದರು. ಪಿಚ್ ಮೇಲಿನ ಹೊದಿಕೆಯನ್ನು ಸುಮ್ಮನೆ ಎಳೆದರೆ ಅದರ ಮೇಲೆ ನಿಂತ ನೀರೆಲ್ಲ ಪಿಚ್ಚಿಗೇ ಹರಿಯುತ್ತದೆ. ಆದ್ದರಿಂದ ಸಿಬ್ಬಂದಿ ಹೇಳಿಕೊಟ್ಟಂತೆ ಒಂದು ಬದಿಯ ಅಂಚನ್ನು ಎಲ್ಲರೂ ಒಟ್ಟಿಗೆ ಎತ್ತಿ, ನೀರನ್ನು ನಿಧಾನವಾಗಿ ಬೌಂಡರಿಯ ಕಡೆಗೆ ಸರಿಸಿದ ಮೇಲೆಯೇ ಅದನ್ನು ಮಡಚಿದರು. ಕೆಲವರು ಉದ್ದನೆಯ ಹಗ್ಗದ ಎರಡು ತುದಿಗಳನ್ನು ಹಿಡಿದು ಹುಲ್ಲಿನ ಮೇಲೆ ಎಳೆಯುತ್ತಾ ನಡೆದು ಎಲೆಗಳ ಮೇಲಿನ ನೀರನ್ನು ಕೆಳಗುದುರಿಸಿದರು. ಉಳಿದವರು ಮಂಡಿಯೂರಿ ಕುಳಿತು, ಹೊಂಡಗಳ ನೀರನ್ನು ಸ್ಪಂಜಿನಲ್ಲಿ ಹೀರಿ ಬಕೆಟ್ಟಿಗೆ ಹಿಂಡಿದರು.

ಅಂಪೈರ್‌ಗಳಿಗೆ ಹೆಚ್ಚು ಚಿಂತೆಯಿದ್ದದ್ದು ಪಿಚ್ಚಿನದಲ್ಲ, ಬೌಲರ್ ಓಡಿಬಂದು ಕಾಲೂರುವ ಜಾಗದ್ದು. ಅಲ್ಲಿ ಹಿಮ್ಮಡಿ ಒತ್ತಿದಾಗ ನೀರು ಮೇಲೆ ಬಂದರೆ ಯಾರ ಕಾಲಾದರೂ ಜಾರಬಹುದು ಎಂದು ಅವರು ಎರಡು ಬಾರಿ ಆಟಕ್ಕೆ ಅನುಮತಿ ನಿರಾಕರಿಸಿದರು. ಮರದ ಹೊಟ್ಟು ಹರಡಿ, ತುಳಿದು, ಒದ್ದೆಯಾದುದನ್ನು ತೆಗೆದು ಮತ್ತೆ ಹೊಸದನ್ನು ಹಾಕಿದ ನಂತರ, ಮೂರನೆಯ ಪರಿಶೀಲನೆಯಲ್ಲಿ ಅವರು ಒಪ್ಪಿದರು. ಇಪ್ಪತ್ತು ಓವರ್‌ಗಳ ಪಂದ್ಯ ತಲಾ ಹನ್ನೆರಡು ಓವರ್‌ಗಳಿಗೆ ಇಳಿಯಿತು.

ಓವರ್‌ಗಳು ಕಡಿಮೆಯಾದಾಗ ಬೌಲರ್‌ಗಳ ಪಾಲೂ ಬದಲಾಗುತ್ತದೆ: ಇಬ್ಬರು ಮಾತ್ರ ಮೂರು ಓವರ್ ಹಾಕಬಹುದು, ಉಳಿದವರಿಗೆ ಎರಡೇ. ನಮ್ಮ ಸ್ಕೋರ್ ಬರೆಯುತ್ತಿದ್ದ ಮೊದಲ ವರ್ಷದ ವಿದ್ಯಾರ್ಥಿನಿ ಈ ಲೆಕ್ಕವನ್ನು ಚೀಟಿಯಲ್ಲಿ ಬರೆದು, ನೀರಿನ ಬಾಟಲಿಯೊಂದಿಗೆ ನನ್ನ ಕೈಸೇರುವಂತೆ ಮಾಡಿದಳು. ಮೊದಲು ಬ್ಯಾಟ್ ಮಾಡಿ ನಾವು ಗಳಿಸಿದ್ದು 94 ರನ್. ಅವರು ಹನ್ನೊಂದು ಓವರ್‌ಗಳಲ್ಲಿ 86 ತಲುಪಿದ್ದರು. ಆ ಹೊತ್ತಿಗೆ ನಮ್ಮ ಎಡಗೈ ವೇಗಿಯ ಮೂರು ಓವರ್ ಮುಗಿದಿತ್ತು, ಉಳಿದ ನಾಲ್ವರೂ ಎರಡೆರಡು ಹಾಕಿದ್ದರು. ಕೊನೆಯ ಓವರನ್ನು ಆ ನಾಲ್ವರಲ್ಲಿ ಯಾರಿಗೆ ಬೇಕಾದರೂ ಕೊಡಬಹುದೆಂಬುದು ಚೀಟಿಯಿಂದ ಖಚಿತವಾಗಿದ್ದರಿಂದ, ನಾನು ತಡಮಾಡದೆ ಚೆಂಡನ್ನು ನಮ್ಮ ಆಫ್ ಸ್ಪಿನ್ನರ್ ಕೈಗೆ ಕೊಟ್ಟೆ.

ಒದ್ದೆ ಚೆಂಡಿನಲ್ಲಿ ಸ್ಪಿನ್ನರ್‌ಗೆ ಹಿಡಿತ ಸಿಗುವುದಿಲ್ಲ, ಬೆರಳು ಜಾರಿ ಚೆಂಡು ಫುಲ್ ಟಾಸ್ ಆಗಿಬಿಡುತ್ತದೆ ಎಂಬುದನ್ನು ನಿನಗೆ ಹೇಳಬೇಕಾಗಿಲ್ಲ. ಅದಕ್ಕಾಗಿಯೇ ನೀನು ತಂಡದಲ್ಲಿದ್ದಾಗ ಚೆಂಡನ್ನು ನೀರಿನ ಬಕೆಟ್ಟಿನಲ್ಲಿ ಅದ್ದಿ ಬೌಲ್ ಮಾಡುವ ಅಭ್ಯಾಸವನ್ನು ಶುರುಮಾಡಿಸಿದ್ದೆ. ಈ ಋತುವಿಡೀ ತರಗತಿ ಮುಗಿದ ಮೇಲೆ ನೆಟ್ಸ್‌ಗೆ ಬಂದು, ಆ ಚೆಂಡುಗಳನ್ನು ಹೆಕ್ಕಿ, ಅದ್ದಿ, ಮತ್ತೆ ಅವನ ಕೈಗೆ ಕೊಡುತ್ತಿದ್ದವರು ತಂಡದಲ್ಲಿ ಸ್ಥಾನ ಸಿಗದ ಗೆಳೆಯರು. ಆಡುವ ಅವಕಾಶವಿಲ್ಲದಿದ್ದರೂ ಅವರು ತೋರಿದ ಶ್ರದ್ಧೆ ನನಗೆ ಈ ಕಪ್ಪಿಗಿಂತ ದೊಡ್ಡದು.

ಅವನು ಅಂಪೈರ್ ಒಪ್ಪಿದ ಬಟ್ಟೆಯಿಂದ ಪ್ರತಿ ಎಸೆತಕ್ಕೂ ಮೊದಲು ಚೆಂಡನ್ನು ಒರೆಸಿದ. ತಿರುಗಿಸುವ ಆಸೆಯನ್ನು ಬಿಟ್ಟು, ಹೊಲಿಗೆಗೆ ಅಡ್ಡವಾಗಿ ಬೆರಳಿಟ್ಟು, ತುಸು ವೇಗವಾಗಿ ನೇರ ವಿಕೆಟ್ಟಿಗೇ ಹಾಕಿದ. ಒಂದು, ಎರಡು, ಸೊನ್ನೆ, ಮತ್ತೆ ಒಂದು. ಐದನೆಯ ಎಸೆತ ತಗ್ಗಿ ನುಗ್ಗಿ ಬ್ಯಾಟ್ಸ್‌ಮನ್ ಬೌಲ್ಡ್ ಆದ. ಕೊನೆಯ ಎಸೆತದಲ್ಲಿ ಅವರಿಗೆ ಗೆಲ್ಲಲು ಐದು ಬೇಕಿತ್ತು, ನಾಲ್ಕಾದರೆ ಟೈ. ಡೀಪ್ ಮಿಡ್ ವಿಕೆಟ್ ಕಡೆ ಹೋದ ಚೆಂಡನ್ನು, ಮಧ್ಯಾಹ್ನ ಸ್ಪಂಜಿನಿಂದ ಒಣಗಿಸಿದ್ದ ಆ ನೆಲದಲ್ಲಿಯೇ ನಮ್ಮ ಫೀಲ್ಡರ್ ಜಾರದೆ ಓಡಿ ತಡೆದ. ಅವರಿಗೆ ಸಿಕ್ಕಿದ್ದು ಎರಡು ರನ್, ನಾವು ಗೆದ್ದದ್ದೂ ಎರಡೇ ರನ್‌ಗಳಿಂದ.

ಹಗ್ಗ ಎಳೆದವರಿಗೆ, ಹೊಟ್ಟು ಹೊತ್ತವರಿಗೆ, ಚೆಂಡು ಅದ್ದಿಕೊಟ್ಟವರಿಗೆ, ಚೀಟಿ ಬರೆದವಳಿಗೆ, ನಮ್ಮ ಹುಡುಗರಿಗೆ ತಾಳ್ಮೆಯಿಂದ ಕೆಲಸ ಕಲಿಸಿದ ಮೈದಾನದ ಸಿಬ್ಬಂದಿಗೆ ತಂಡದ ಎಲ್ಲರ ಮನಃಪೂರ್ವಕ ವಂದನೆಗಳು. ಬಕೆಟ್ಟಿನ ಅಭ್ಯಾಸಕ್ಕಾಗಿ ನಿನಗೂ. ತಂಡದ ಚಿತ್ರ ತೆಗೆಯುವಾಗ ಇವರೆಲ್ಲರನ್ನೂ ನಮ್ಮ ಜೊತೆಗೆ ನಿಲ್ಲಿಸಿಕೊಂಡಿದ್ದೇವೆ. ಅದರ ಒಂದು ಪ್ರತಿಯನ್ನು ನಿನಗೆ ಕಳುಹಿಸುತ್ತಿದ್ದೇನೆ.

ನಿನ್ನ ಗೆಳೆಯ,
ತಂಡದ ನಾಯಕ