ನಿನ್ನ ಕಾದಂಬರಿಗೆ ಇಡುವ ಹೆಸರು

ಪುಟ್ಟಿ,

ನಿನ್ನೆ ಫೋನ್ ಕಟ್ ಮಾಡಿದ್ದು ನೀನೋ, ಸಿಗ್ನಲ್ಲೋ ಗೊತ್ತಾಗಲಿಲ್ಲ. ಅಮ್ಮ ಮಾತ್ರ ನನ್ನದೇ ತಪ್ಪು ಅಂತ ತೀರ್ಪು ಕೊಟ್ಟಾಗಿದೆ. ಸೋಮವಾರ ಮುಖಪುಟ ಕಲಾವಿದರ ಕೈಗೆ ಹೋಗುತ್ತದೆ ಅಂದೆಯಲ್ಲ, ಅದಕ್ಕೇ ಬರೆದು ಫೋಟೊ ತೆಗೆದು ಕಳಿಸುತ್ತಿದ್ದೇನೆ. ಬರೆದರೆ ನನ್ನ ದನಿ ಏರುವುದಿಲ್ಲ.

‘ಸತ್ತವನ ಸಂಬಳ’ ಒಳ್ಳೇ ಹೆಸರು. ಅಂಗಡಿಯಲ್ಲಿ ಕಣ್ಣಿಗೆ ಬಿದ್ದರೆ ಯಾರಾದರೂ ಕೈಗೆತ್ತಿಕೊಳ್ಳುತ್ತಾರೆ. ಆದರೆ ಅದು ನಿನ್ನ ಕಾದಂಬರಿಯ ಹೆಸರಲ್ಲ. ಅದು ನಿನ್ನ ಕಾದಂಬರಿಯ ಕೊನೇ ಅಧ್ಯಾಯ.

ನಮ್ಮ ಲೈಬ್ರರಿಯಲ್ಲಿ ಒಂದು ಪತ್ತೇದಾರಿ ಕಾದಂಬರಿ ಇತ್ತು. ಯಾವನೋ ಪುಣ್ಯಾತ್ಮ ಮೊದಲ ಪುಟದಲ್ಲೇ ಪೆನ್ಸಿಲಿನಲ್ಲಿ ‘ಕೊಂದವನು ಡಾಕ್ಟರ್’ ಅಂತ ಬರೆದಿಟ್ಟಿದ್ದ. ನಾನು ರಬ್ಬರ್ ಹಾಕಿ ಉಜ್ಜಿದೆ. ಅಕ್ಷರ ಹೋಯಿತು, ಒತ್ತಿದ ಗುರುತು ಹೋಗಲಿಲ್ಲ. ಪುಟವನ್ನು ಬೆಳಕಿಗೆ ಓರೆ ಹಿಡಿದರೆ ಓದಲು ಬರುತ್ತಿತ್ತು. ಮೇಲೆ ಕಾಗದ ಅಂಟಿಸಿದೆ, ಅದನ್ನೂ ಕಿತ್ತು ನೋಡಿದರು. ಕೌಂಟರಿನಲ್ಲಿ ಕೂತವನಿಗೆ ಪುಸ್ತಕ ವಾಪಸ್ ಕೊಡುವವರ ಮುಖ ಕಾಣುತ್ತದೆ. ಆ ಸಾಲು ನೋಡಿದವರು ಕೊನೆಯವರೆಗೆ ಓದಿದ್ದರೂ ಓದಿದ ಹಾಗೆ ಇರುತ್ತಿರಲಿಲ್ಲ. ಒಬ್ಬರು ಹೇಳಿದ್ದರು, ‘ಡಾಕ್ಟರ್ ಬಂದಾಗೆಲ್ಲ ಅವನ ಕೈ ನೋಡ್ತಾ ಕೂತೆ ಸಾರ್, ಮಾತು ಕೇಳಿಸಲೇ ಇಲ್ಲ.’ ಆ ಮಾತು ಇವತ್ತಿಗೂ ಬಿಟ್ಟಿಲ್ಲ ನನ್ನನ್ನು. ಕೊನೆ ಹಾಳಾಗುವುದು ಬೇರೆ, ನಡುವೆ ಇರುವುದು ಕೇಳಿಸದೇ ಹೋಗುವುದು ಬೇರೆ. ನೀನು ಆ ಪೆನ್ಸಿಲ್ ಸಾಲನ್ನು ದಪ್ಪಕ್ಷರದಲ್ಲಿ ಮುಖಪುಟಕ್ಕೇ ಹಾಕಲು ಹೊರಟಿದ್ದೀಯ.

ನಿನ್ನ ಎರಡನೇ ಅಧ್ಯಾಯವನ್ನೇ ತಗೋ. ತಾಯಿ ಮುಂಬಯಿಯ ಮಗನಿಗೆ ಅಂತ ಚಕ್ಕುಲಿ ಕಟ್ಟುತ್ತಾಳೆ. ಪೊಟ್ಟಣ ಸಾಲದು ಅಂತ ಬಿಚ್ಚಿ ಮತ್ತೆ ಕಟ್ಟುತ್ತಾಳೆ. ಹಸ್ತಪ್ರತಿ ಓದುವಾಗ ನಾನು ಅವಳ ಜೊತೆ ಆ ಮಗನಿಗಾಗಿ ಕಾದೆ. ಈ ಸಲ ಬಂದಾನು ಅಂದುಕೊಂಡೆ. ‘ಸತ್ತವನ ಸಂಬಳ’ ಅಂತ ಓದಿಕೊಂಡು ಒಳಗೆ ಬಂದವನು ಕಾಯುವುದಿಲ್ಲ. ಅವಳನ್ನು ನೋಡಿ ಅಯ್ಯೋ ಪಾಪ ಅನ್ನುತ್ತಾನೆ, ಅಷ್ಟೇ. ನೀನು ಬರೆದದ್ದು ಅಯ್ಯೋ ಪಾಪದ ಕಥೆ ಅಲ್ಲ, ಅಲ್ವಾ?

‘ಗೃಹಭಂಗ ಅಂತ ಹೆಸರಲ್ಲೇ ಎಲ್ಲ ಹೇಳಿದ್ದಾರಲ್ಲ, ಮರಳಿ ಮಣ್ಣಿಗೆಯಲ್ಲೂ ಹೇಳಿದ್ದಾರಲ್ಲ’ ಅಂತ ನೀನು ಕೇಳಿದ್ದು ಸರಿಯಾದ ಪ್ರಶ್ನೆ. ನಿನ್ನೆ ಉತ್ತರ ತಕ್ಷಣ ಹೊಳೆಯಲಿಲ್ಲ, ಅದಕ್ಕೇ ದನಿ ಏರಿತು. ಬೇಜಾರು ಮಾಡ್ಕೋಬೇಡ. ರಾತ್ರಿ ಯೋಚಿಸಿದೆ. ಆ ಪುಸ್ತಕಗಳಲ್ಲಿ ನಾವು ಪುಟ ತಿರುವುವುದು ‘ಮನೆ ಒಡೆಯುತ್ತದಾ?’ ಅಂತ ತಿಳಿಯಲು ಅಲ್ಲ. ಹೇಗೆ ಒಡೆಯಿತು, ಗೃಹಭಂಗದ ನಂಜಮ್ಮ ಎಲ್ಲಿಯವರೆಗೆ ತಡೆದಳು ಅಂತ ನೋಡಲು. ಹೆಸರು ‘ಏನು’ ಎಂಬುದನ್ನು ಬಿಟ್ಟುಕೊಟ್ಟರೂ ‘ಹೇಗೆ’ ಎಂಬುದು ಪೂರ್ತಿ ಉಳಿದಿರುತ್ತದೆ. ನಿನ್ನ ಕಥೆಯಲ್ಲಿ ಓದುಗನನ್ನು ಎಳೆಯುವುದು ‘ಅಣ್ಣ ಯಾಕೆ ಬರುತ್ತಿಲ್ಲ?’ ಎಂಬ ಒಂದೇ ಪ್ರಶ್ನೆ. ಹೆಸರು ಅದಕ್ಕೇ ಉತ್ತರ ಕೊಟ್ಟರೆ ಮಿಕ್ಕ ಇನ್ನೂರು ಪುಟ ಏನು ಮಾಡಬೇಕು?

ವಂಶವೃಕ್ಷವನ್ನು ನೋಡು. ನಂಜನಗೂಡಿನ ಶ್ರೋತ್ರಿಯರ ಮನೆ. ಮಗ ತೀರಿಹೋಗುತ್ತಾನೆ, ಸೊಸೆ ಕಾತ್ಯಾಯನಿ ಇನ್ನೊಂದು ಮದುವೆಯಾಗುತ್ತಾಳೆ, ಮೊಮ್ಮಗ ಯಾರಿಗೆ ಸೇರಬೇಕು ಅನ್ನುವ ಜಗ್ಗಾಟ. ಮೊದಲ ಪುಟದಿಂದಲೇ ಹೆಸರು ಕಥೆಗೆ ಹೊಂದುತ್ತದೆ. ಓಹೋ, ಮೊಮ್ಮಗನ ವಿಷಯಕ್ಕೆ ಈ ಹೆಸರು ಅಂತ ನಾವು ನೆಮ್ಮದಿಯಾಗಿ ಇರುತ್ತೇವೆ. ಕೊನೆಗೆ ಶ್ರೋತ್ರಿಯರಿಗೆ ತಮ್ಮ ಹುಟ್ಟಿನ ವಿಷಯವೇ ತಿಳಿಯುತ್ತದೆ. (ನೀನು ಓದಿದ್ದೀಯ ಅಂತ ಇಷ್ಟು ಹೇಳಿದೆ. ಕೌಂಟರಿನಲ್ಲಾಗಿದ್ದರೆ ಬಾಯಿ ಬಿಡುತ್ತಿರಲಿಲ್ಲ.) ಪುಸ್ತಕ ಮುಚ್ಚಿ ಮುಖಪುಟ ನೋಡಿದರೆ ಅದೇ ಹೆಸರು ಬೇರೆ ಥರ ಕಾಣುತ್ತದೆ. ಹೆಸರು ನಮಗೆ ಸುಳ್ಳು ಹೇಳಿರಲಿಲ್ಲ. ನಾವು ನೋಡುವ ಕಡೆಗೆ ಬೆರಳು ತೋರಿಸಿತ್ತು, ನಾವು ನೋಡಬೇಕಾದ ಕಡೆಗಲ್ಲ. ಕಥೆಯ ವಿಷಯ ಹೇಳಬೇಕು, ಕಥೆಯ ಸುದ್ದಿ ಹೇಳಬಾರದು ಅಂತ ನಿನ್ನೆ ಫೋನಿನಲ್ಲಿ ನಾನು ಒದರಿದ್ದು ಇದನ್ನೇ.

ನಿನ್ನ ಗೆಳತಿ ಹೇಳಿದ ‘ಮನಿಯಾರ್ಡರ್’ ಏನನ್ನೂ ಬಿಟ್ಟುಕೊಡುವುದಿಲ್ಲ, ನಿಜ. ಆದರೆ ಏನನ್ನೂ ಹೇಳುವುದೂ ಇಲ್ಲ. ಅದು ಬರೀ ವಸ್ತುವಿನ ಹೆಸರು. ಓದುವ ಮೊದಲೂ ಅಷ್ಟೇ, ಓದಿದ ಮೇಲೂ ಅಷ್ಟೇ. ‘ಹೆಬ್ಬೆಟ್ಟು’ ನನಗೆ ಹೊಳೆದದ್ದು. ಒಂದು ಗಂಟೆ ಖುಷಿಯಾಗಿದ್ದೆ. ಆಮೇಲೆ ಅಮ್ಮ ‘ಹೆಬ್ಬೆಟ್ಟು ರಾಮಕ್ಕ ಸಿನಿಮಾನಾ?’ ಅಂದಳು. ಜನರ ತಲೆಯಲ್ಲಿ ಹೆಬ್ಬೆಟ್ಟು ಅಂದರೆ ಓದು ಬಾರದವರು. ನಿನ್ನ ಕಾದಂಬರಿ ಓದು ಬರೆಹದ ಬಗ್ಗೆ ಅಲ್ಲ.

ಈಗ ನಿನ್ನ ಹಸ್ತಪ್ರತಿಗೇ ವಾಪಸ್ ಹೋಗು. ಹೆಸರು ಸಾಮಾನ್ಯವಾಗಿ ಅದರೊಳಗೇ ಎಲ್ಲೋ ಬಿದ್ದಿರುತ್ತದೆ. ಪ್ರತಿ ತಿಂಗಳು ಪೋಸ್ಟ್‌ಮ್ಯಾನ್ ಅಣ್ಣನ ಹೆಸರಿನ ಮನಿಯಾರ್ಡರ್ ತರುತ್ತಾನೆ. ತಾಯಿ ಹೆಬ್ಬೆಟ್ಟು ಒತ್ತುತ್ತಾಳೆ. ಹೆಬ್ಬೆಟ್ಟಾದ್ದರಿಂದ ಸಾಕ್ಷಿ ಬೇಕು. ಪಕ್ಕದಲ್ಲಿ ಚಿಕ್ಕ ಮಗಳು ರುಜು ಹಾಕುತ್ತಾಳೆ. ಆ ರಸೀದಿ ಹಣ ಕಳಿಸಿದವರಿಗೆ ವಾಪಸ್ ಹೋಗುತ್ತದೆ. ಕೊನೆಯಲ್ಲಿ ಸೋದರಮಾವನ ಟ್ರಂಕಿನಲ್ಲಿ ಅವಳಿಗೆ ಸಿಗುವುದು ಆ ಕಟ್ಟೇ ತಾನೇ? ಅಮ್ಮನ ಬೆರಳಿನ ಪಕ್ಕ ತನ್ನದೇ ಅಕ್ಷರ, ವರ್ಷದಿಂದ ವರ್ಷಕ್ಕೆ ದುಂಡಗಾಗುತ್ತಾ ಬಂದದ್ದು. ಆ ಪುಟ ಓದಿ ನಾನು ಎದ್ದು ಹೊರಗೆ ಹೋದೆ. ಅಮ್ಮನಿಗೆ ಸೊಳ್ಳೆ ಅಂತ ಹೇಳಿದೆ.

‘ಸಾಕ್ಷಿಯ ರುಜು’ ಅಂತ ಇಟ್ಟರೆ? ಮೊದಲು ಅದು ಮುಗ್ಧ ಹುಡುಗಿಯ ರುಜು. ಕೊನೆಗೆ, ಏನು ನಡೆಯುತ್ತಿದೆ ಅಂತ ಗೊತ್ತಿಲ್ಲದೆ ವರ್ಷಗಟ್ಟಲೆ ಸಾಕ್ಷಿ ಹಾಕಿದವಳ ರುಜು. ಹಣ ಪಡೆಯುವ ಕಡೆಗೆ ಬೆರಳು ತೋರಿಸುತ್ತದೆ, ಕಳಿಸುವವನ ಕಡೆಗಲ್ಲ. ಬರೀ ‘ಸಾಕ್ಷಿ’ ಬೇಡ, ಆ ಹೆಸರಲ್ಲಿ ಭೈರಪ್ಪನವರ ಕಾದಂಬರಿ ಇದೆ. ಹೆಸರಿಗೆ ಸಾಮಾನ್ಯವಾಗಿ ಕಾಪಿರೈಟ್ ಇರುವುದಿಲ್ಲ, ಯಾರೂ ಕೇಸು ಹಾಕುವುದಿಲ್ಲ. ಆದರೆ ‘ಸಾಕ್ಷಿ ಇದೆಯಾ?’ ಅಂತ ಕೇಳಿದವರಿಗೆ ನನ್ನಂಥವನು ಭೈರಪ್ಪನವರದನ್ನೇ ಎತ್ತಿ ಕೊಡುತ್ತಾನೆ.

ನನ್ನ ಮಾತು ನಂಬಬೇಡ. ಕಾದಂಬರಿ ಓದದ ಮೂರು ಜನರಿಗೆ ಹೆಸರು ಮಾತ್ರ ಹೇಳಿ, ಕಥೆ ಏನಿರಬಹುದು ಅಂತ ಕೇಳು. ಒಬ್ಬರಾದರೂ ‘ಮಗ ಸತ್ತಿರ್ತಾನೆ’ ಅಂದರೆ ಆ ಹೆಸರು ಬಿಡು. ಮೂವರೂ ಏನೂ ಹೇಳಲಾಗದೆ ಸುಮ್ಮನೆ ಮುಖ ನೋಡಿದರೂ ಬಿಡು. ತಪ್ಪಾಗಿ, ಆದರೆ ಹತ್ತಿರಕ್ಕೆ ಊಹಿಸಬೇಕು. ಆಮೇಲೆ ಓದಿದ ಇಬ್ಬರಿಗೆ, ಯಾಕೆ ಈ ಹೆಸರು ಅಂತ ಕೇಳು.

ಹೆಸರು ಬಾಯಿ ಮುಚ್ಚಿಕೊಂಡರೆ ಸಾಲದು ಕಣೇ. ಬೆನ್ನುಡಿಯಲ್ಲಿ ‘ಸಾವಿನ ಗುಟ್ಟು’ ಅಂತ ಒಂದು ಮಾತು ಬಿದ್ದರೆ ಎಲ್ಲ ಹೋಯಿತು. ಪರಿವಿಡಿಯಲ್ಲಿ ಕೊನೇ ಅಧ್ಯಾಯಕ್ಕೆ ‘ತಿಥಿ’ ಅಂತ ಇಟ್ಟಿದ್ದೀಯ, ಅದನ್ನು ತೆಗೆ, ಬರೀ ಸಂಖ್ಯೆ ಹಾಕು. ಕಲಾವಿದರಿಗೆ ಹಾರ ಹಾಕಿದ ಫೋಟೊ ಬರೆಯಬೇಡಿ ಅಂತ ಮೊದಲೇ ಹೇಳು. ಮುನ್ನುಡಿ ಬರೆಯುವ ಹಿರಿಯರು ಪ್ರೀತಿಯಿಂದ ಪೂರ್ತಿ ಕಥೆ ಹೇಳಿಬಿಡುತ್ತಾರೆ. ನಮ್ಮಲ್ಲಿ ಆ ಅಭ್ಯಾಸ ಜಾಸ್ತಿ. ಹಾಗಾದರೆ ಅದನ್ನು ಹಿಂದಕ್ಕೆ ಹಾಕಿ ಹಿನ್ನುಡಿ ಅಂತ ಮಾಡಿಸು. ಅವರಿಗೆ ಬೇಜಾರಾದರೆ ನಾನು ಮಾತಾಡುತ್ತೇನೆ. ಬೇಡ, ನೀನೇ ಮಾತಾಡು. ನಾನು ಮಾತಾಡಿದರೆ ಏನಾಗುತ್ತದೆ ಅಂತ ನಿನ್ನೆ ನೋಡಿದೆಯಲ್ಲ.

ರಾತ್ರಿ ಎರಡು ಗಂಟೆ ತನಕ ಕೂರಬೇಡ. ಪ್ರೂಫ್ ಬಂದಾಗ ಕಳಿಸು. ಮುಖಪುಟದಲ್ಲಿ ನೀನು ಯಾವ ಹೆಸರು ಹಾಕಿದರೂ ಒಳಗಿನ ಕಾಗುಣಿತ ನಾನೇ ನೋಡುತ್ತೇನೆ.

ನಿನ್ನ
ಅಪ್ಪ